ಅಜ್ಜಿಯ ಸೀರೆಗೆ ಹದಿನಾರು ಮೊಳ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗಿಯೊಬ್ಬಳು ಬಾಗಲಕೋಟೆಯ ನಮ್ಮ ಅಂಗಡಿಗೆ ಬಂದಿದ್ದಳು. ಅಜ್ಜಿಗೆ 80 ತುಂಬುತ್ತಿತ್ತು. ಆಕೆಗೊಂದು ಇಳಕಲ್ ಸೀರೆ ಆರಿಸಿದ ಆ ಮಧ್ಯಾಹ್ನವನ್ನೇ ಮುಂದಿಟ್ಟುಕೊಂಡು, ಈ ವ್ಯಾಪಾರದಲ್ಲಿ ನಾನು ಪಾಲಿಸಿಕೊಂಡು ಬಂದ ಕೆಲವು ಮಾತು ಬರೆಯುತ್ತಿದ್ದೇನೆ.

1. ಬೆಲೆ ಕೇಳುವ ಮೊದಲು ಉಡುವವರ ವಿಚಾರ ಕೇಳಬೇಕು.

"ಕಾಕಾ, ಇದ್ದುದ್ರಾಗ ಛಲೋ ಸೀರಿ ತೋರಿಸ್ರಿ, ರೊಕ್ಕದ ಚಿಂತಿ ಇಲ್ಲ" ಅಂದಳು. ಆಗಲೇ ಅಪ್ಪಟ ರೇಷ್ಮೆಯ ಸೀರೆ ಬಿಚ್ಚಿ ಹಾಸಿದ್ದರೆ ವ್ಯಾಪಾರ ಮುಗಿದುಹೋಗುತ್ತಿತ್ತು. ನಾನು ಕೇಳಿದೆ: "ತಂಗೀ, ಅಜ್ಜಿ ಮನ್ಯಾಗ ದಿನಾ ಏನ್ ಉಡ್ತಾರ? ಕಚ್ಚಿ ಹಾಕ್ತಾರೇನು? ತಲಿಮ್ಯಾಗ ಸೆರಗು ಹೊದ್ಕೋತಾರೇನು?" ಕಚ್ಚೆ ಹಾಕುತ್ತಾರೆ, ಸೆರಗು ತಲೆಯಿಂದ ಜಾರಲು ಬಿಡುವುದಿಲ್ಲ ಎಂದಳು. ಆ ಒಂದು ಉತ್ತರದಿಂದ ಅರ್ಧ ಅಂಗಡಿ ಪಕ್ಕಕ್ಕೆ ಸರಿಯಿತು.

2. ಉದ್ದವನ್ನು ಅಂದಾಜಿನ ಮೇಲೆ ಬಿಡಬಾರದು.

ಈಗ ಸಾಮಾನ್ಯವಾಗಿ ಮಾರಾಟವಾಗುವುದು ಆರು ವಾರಿನ ಸೀರೆ. ಕಚ್ಚೆ ಹಾಕುವವರಿಗೆ ಅದು ಸಾಲದು. ಎಂಟು ಇಲ್ಲವೇ ಒಂಬತ್ತು ವಾರು ಬೇಕು. ಹಾಗೆಂದು ಒಂಬತ್ತೇ ಕೊಟ್ಟುಬಿಡುವುದೂ ಸರಿಯಲ್ಲ. ವಯಸ್ಸಾದಂತೆ ಮೈ ಇಳಿಯುತ್ತದೆ, ಹೆಚ್ಚಿನ ಬಟ್ಟೆ ಸೊಂಟಕ್ಕೆ ಭಾರವಾಗುತ್ತದೆ. ಹುಡುಗಿಯ ತಾಯಿಗೆ ಫೋನ್ ಹಚ್ಚಿಸಿ, ಅಜ್ಜಿ ಇತ್ತೀಚೆಗೆ ಉಡುವ ಸೀರೆಯನ್ನೇ ಅಳೆಯಲು ಹೇಳಿದೆ. ಟೇಪು ಹುಡುಕುವುದು ಬೇಡ, ಮೊಳ ಹಾಕಿದರೆ ಸಾಕು. ಹದಿನಾರು ಮೊಳ ಬಂತು. ಎರಡು ಮೊಳಕ್ಕೆ ಒಂದು ವಾರು, ಅಂದರೆ ಎಂಟು ವಾರು. ಹುಡುಗಿ ಅಲ್ಲಿಯವರೆಗೂ ಒಂಬತ್ತು ಎಂದೇ ತಿಳಿದಿದ್ದಳು.

3. ಒಡಲು ಬೇರೆ, ಸೆರಗು ಬೇರೆ ಎಂದು ನೋಡಿ ಆರಿಸಬೇಕು.

ಇಳಕಲ್ ಸೀರೆಯ ಜೀವ ಇರುವುದು ಇಲ್ಲಿ. ಒಡಲಿನ ಹಾಸು ಮುಗಿದಲ್ಲಿ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ನೇಯುತ್ತಾರೆ. ಕೊಂಡಿ ಎನ್ನುವುದು ಇದಕ್ಕೇ. ಹಾಸೂ ಹೊಕ್ಕೂ ಎರಡೂ ಕೆಂಪಾದ್ದರಿಂದ ಸೆರಗಿನ ಕೆಂಪು ಗಟ್ಟಿಯಾಗಿ ಕಾಣುತ್ತದೆ. ಬರೀ ಹೊಕ್ಕಿನ ನೂಲು ಬದಲಿಸಿ ನೇಯ್ದ ಸೀರೆಯಲ್ಲಿ ಸೆರಗಿನೊಳಗೂ ಒಡಲಿನ ಬಣ್ಣ ಇಣುಕುತ್ತದೆ. ಒಡಲು, ಸೆರಗು ಕೂಡುವ ಜಾಗದ ಮೇಲೆ ಬೆರಳಾಡಿಸಿದರೆ ಕುಣಿಕೆಗಳ ಸಣ್ಣ ಏರು ತಾಗಬೇಕು. ಹುಡುಗಿಯ ಬೆರಳನ್ನೇ ಅಲ್ಲಿ ಆಡಿಸಿ ತೋರಿಸಿದೆ.

ಸೆರಗಿನಲ್ಲಿ ಚಮಕವೂ ಬರುತ್ತದೆ, ರೇಷ್ಮೆಯೂ ಬರುತ್ತದೆ. ಚಮಕಕ್ಕೆ ಹೊಳಪು ಜಾಸ್ತಿ, ಬೆಲೆ ಕಡಿಮೆ. ತಲೆಯ ಮೇಲೆ ಮಾತ್ರ ನಿಲ್ಲದೆ ಜಾರುತ್ತದೆ. ಸಂಶಯ ಬಂದರೆ ಸೆರಗಿನ ದಶಿಯ ಎರಡು ಎಳೆ ಕಿತ್ತು ಸುಡಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಚಮಕವಾದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬಾಗಲಕೋಟೆಯ ಬಿಸಿಲಿಗೆ ಒಡಲು ಹತ್ತಿಯದೇ ಇರಲಿ, ಸೆರಗು ಮಾತ್ರ ರೇಷ್ಮೆಯದಿರಲಿ ಎಂದೆ. ಅಪ್ಪಟ ರೇಷ್ಮೆಯ ಬೆಲೆಗಿಂತ ಬಹಳ ಕೆಳಗೆ ಬಂತು. ನನಗೆ ಸಿಗುವ ಲಾಭವೂ ಇಳಿಯಿತು, ಆದರೆ ಪೆಟ್ಟಿಗೆಯಲ್ಲಿ ಮಡಚಿಡುವ ಸೀರೆಯನ್ನು ಹುಟ್ಟುಹಬ್ಬಕ್ಕೆ ಮಾರುವುದು ನನಗೆ ಒಗ್ಗುವುದಿಲ್ಲ.

4. ಬಣ್ಣದ ಮಾತು ಮೆತ್ತಗೆ ತೆಗೆಯಬೇಕು.

ಗಂಡ ತೀರಿದ ಮೇಲೆ ಕೆಲವು ಮನೆಗಳಲ್ಲಿ ಹಸಿರು ಉಡುವುದಿಲ್ಲ, ಕೆಲವರಲ್ಲಿ ಆ ಕಟ್ಟಳೆ ಇಲ್ಲ. "ಅಜ್ಜ ಇದ್ದಾರೇನು?" ಎಂದು ಮುಖಕ್ಕೆ ಹೊಡೆದಂತೆ ಕೇಳುವುದು ತಪ್ಪು. "ಅಜ್ಜಿ ಹೋದ ಜಾತ್ರಿಗೆ ಯಾವ ಬಣ್ಣದ್ದು ಉಟ್ಟಿದ್ರು?" ಎಂದೆ. ಫೋನಿನಲ್ಲಿದ್ದ ಫೋಟೋ ತೆಗೆದು ತೋರಿಸಿದಳು: ಕಪ್ಪು ನೀಲಿ, ಬಿಳಿ ಕಡ್ಡಿ, ಗೋಮಿ ದಡಿ. ಅದೇ ಜಾತಿಯ ಐದಾರು ಸೀರೆ ಹಾಸಿದೆ. ಆರಿಸಲು ಬಹಳ ಹೊತ್ತು ಹಿಡಿಯಿತು. ಹಿಡಿಯಲಿ, ಗಡಿಯಾರ ನೋಡುವ ಅಂಗಡಿಕಾರನ ಮುಂದೆ ಗಿರಾಕಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಾರೆ.

5. ಕಟ್ಟಿಕೊಡುವ ಮೊದಲು ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು.

ಬಿಳಿ ಅರಿವೆ ಒದ್ದೆ ಮಾಡಿ ಕೆಂಪು ಸೆರಗಿನ ಮೂಲೆಗೆ ತಿಕ್ಕಿದೆ. ತುಸು ಗುಲಾಬಿ ಹತ್ತಿತು. ಮೊದಲ ಕೆಲವು ಸಲ ತಣ್ಣೀರಿನಲ್ಲಿ, ಬೇರೆಯಾಗಿ ಒಗೆಯಬೇಕು, ನೆನೆಹಾಕಬಾರದು ಎಂದು ಬಿಲ್ಲಿನ ಹಿಂದೆಯೇ ಬರೆದುಕೊಟ್ಟೆ. ಜೊತೆಗೆ ಗುಳೇದಗುಡ್ಡದ ಖಣ ಒಂದು. ಅಜ್ಜಿ ಮುಂದೆ ಗಂಟು ಹಾಕುವ ಕುಪ್ಪಸ ತೊಡುವವರು, ಹುಕ್ಕಿನ ತಾಪತ್ರಯವಿಲ್ಲ.

ಅಜ್ಜಿಗೆ ಸೀರೆ ತರಲು ಹೊರಟವರಲ್ಲಿ ನನ್ನದೊಂದು ಬಿನ್ನಹ: ಆಕೆ ಈ ವಾರ ಉಟ್ಟ ಸೀರೆಗೆ ಮೊಳ ಹಾಕಿ, ಅದರದೊಂದು ಫೋಟೋ ತೆಗೆದುಕೊಂಡು ಅಂಗಡಿಗೆ ಬನ್ನಿ.