ದೀಪ ಉರಿಯುತ್ತದೆ, ಚಾರ್ಜ್ ಏಕೆ ಏರುವುದಿಲ್ಲ?



ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರು ಕಡೆಯ ಎಷ್ಟೋ ಸಂಘಗಳ ಲೆಕ್ಕ ಈಗ ಪುಸ್ತಕದ ಜೊತೆಗೆ ಲ್ಯಾಪ್‌ಟಾಪಿನಲ್ಲೂ ಇದೆ. ಕರೆಂಟು ಹೋದಾಗ ಕೆಲಸ ನಡೆಸುವುದು ಅದರ ಬ್ಯಾಟರಿ. ಹೀಗಿರುವಾಗ ಅಡಾಪ್ಟರ್ ಹಾಕಿದರೆ ಅದರ ದೀಪ ಉರಿಯುತ್ತದೆ, ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ, ಆದರೆ ಬ್ಯಾಟರಿ ಮಾತ್ರ 23 ಪರ್ಸೆಂಟಿನಿಂದ ಮೇಲೆ ಏರೋದೇ ಇಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆಲ್ಲ ಪರದೆ ಕಪ್ಪಾಗುತ್ತದೆ. "ಬ್ಯಾಟರಿ ಹೋಯ್ತು, ಹೊಸದು ಹಾಕಿಸಿ" ಅಂತ ಯಾರಾದರೂ ಹೇಳಿಬಿಡುತ್ತಾರೆ. ಹಣ ಕೊಡುವ ಮೊದಲು ತಪ್ಪು ಎಲ್ಲಿದೆ ಅಂತ ನಾವೇ ನೋಡಿಕೊಳ್ಳಬಹುದು. ಈ ಪಾಠದಲ್ಲಿ ಡೆಲ್ ಕಂಪನಿಯ ಸೂಜಿಮೊನೆಯ ಅಡಾಪ್ಟರನ್ನು ತೆಗೆದುಕೊಂಡು ಅದನ್ನು ತಿಳಿಯೋಣ.

ನಡುವಿನ ಸೂಜಿ ಏನು ಮಾಡುತ್ತದೆ?

ಅಡಾಪ್ಟರಿನ ದುಂಡು ಪಿನ್ನನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಹೊರಗೆ ಲೋಹದ ಕೊಳವೆ ಇದೆ, ಒಳಗೋಡೆಯಲ್ಲಿ ಇನ್ನೊಂದು ಲೋಹವಿದೆ, ನಟ್ಟನಡುವೆ ಒಂದು ತೆಳುವಾದ ಸೂಜಿ ನಿಂತಿದೆ. ಕರೆಂಟು ಹರಿಯುವುದು ಮೊದಲಿನ ಎರಡರಲ್ಲಿ. ಒಳಗೋಡೆ ಪ್ಲಸ್, ಹೊರಗೋಡೆ ಮೈನಸ್, ಎರಡರ ನಡುವೆ 19.5 ವೋಲ್ಟ್ ಇರುತ್ತದೆ. ಸೂಜಿಯಲ್ಲಿ ಚಾರ್ಜ್ ಮಾಡುವ ಕರೆಂಟು ಹರಿಯುವುದಿಲ್ಲ. ಅದು ಮಾತಾಡುವ ತಂತಿ.

ಅಡಾಪ್ಟರಿನ ಒಳಗೆ ಒಂದು ಪುಟ್ಟ ಚಿಪ್ ಇದೆ. ತನ್ನ ಗುರುತು ಮತ್ತು ತಾನು ಎಷ್ಟು ವ್ಯಾಟ್ ಕೊಡಬಲ್ಲೆ ಎಂಬುದು ಅದರಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪ್ ಸೂಜಿಯ ಮೂಲಕ ಅದನ್ನು ಓದುತ್ತದೆ. ಬ್ಯಾಂಕಿನವರು ಸಾಲ ಕೊಡುವ ಮೊದಲು ಸಂಘದ ಉಳಿತಾಯ ಎಷ್ಟು ಅಂತ ಪುಸ್ತಕ ಕೇಳುತ್ತಾರಲ್ಲ, ಹಾಗೆಯೇ ಇದು.

ಏಕೆ ಕೇಳಬೇಕು? ಕೆಲಸ ನಡೆಸುವುದಕ್ಕೂ ಬ್ಯಾಟರಿ ತುಂಬುವುದಕ್ಕೂ ಒಟ್ಟಿಗೆ ಕರೆಂಟು ಬೇಕು. ಲ್ಯಾಪ್‌ಟಾಪ್ ನಡೆಯಲು 25 ವ್ಯಾಟ್, ಬ್ಯಾಟರಿ ತುಂಬಲು 35 ವ್ಯಾಟ್ ಬೇಕು ಅಂದುಕೊಳ್ಳಿ. ಒಟ್ಟು 60 ಆಯಿತು. 65 ವ್ಯಾಟಿನ ಅಡಾಪ್ಟರ್ ಇದನ್ನು ತಾಳುತ್ತದೆ, 45 ವ್ಯಾಟಿನದು ತಾಳುವುದಿಲ್ಲ, ಬಿಸಿಯಾಗುತ್ತದೆ. ಆದ್ದರಿಂದ ಉತ್ತರ ಬಾರದಿದ್ದರೆ ಲ್ಯಾಪ್‌ಟಾಪ್ ಅಪಾಯಕ್ಕೆ ಕೈ ಹಾಕುವುದಿಲ್ಲ. ಬ್ಯಾಟರಿ ತುಂಬುವುದನ್ನು ನಿಲ್ಲಿಸಿ, ತನ್ನ ವೇಗವನ್ನೂ ತಗ್ಗಿಸಿಕೊಂಡು, ನಿಧಾನವಾಗಿ ನಡೆಯುತ್ತದೆ.

ಅಡಾಪ್ಟರಿನ ದೀಪಕ್ಕೆ ಈ ಮಾತುಕತೆ ಗೊತ್ತಿಲ್ಲ. ಅಡಾಪ್ಟರಿನಲ್ಲಿ ಕರೆಂಟು ತಯಾರಾಗಿದೆ ಅಂತ ಮಾತ್ರ ಅದು ಹೇಳುತ್ತದೆ. ಸೂಜಿಯ ತಂತಿ ತುಂಡಾಗಿದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಲ್ಯಾಪ್‌ಟಾಪನ್ನೇ ಕೇಳೋಣ

ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಅಡಾಪ್ಟರ್ ಹಾಕಿ. ಆನ್ ಮಾಡಿ, ಕಂಪನಿಯ ಹೆಸರು ಬಂದ ಕೂಡಲೇ F2 ಕೀಲಿಯನ್ನು ನಾಲ್ಕಾರು ಸಲ ಒತ್ತಿ. ಒಂದು ಸೆಟ್ಟಿಂಗಿನ ಪುಟ ತೆರೆಯುತ್ತದೆ. ಅದರಲ್ಲಿ `Battery Information` ಅಥವಾ `AC Adapter` ಅಂತ ಇರುವ ಕಡೆ ನೋಡಿ. `65W` ಅಥವಾ `90W` ಅಂತ ಇದ್ದರೆ ಸೂಜಿಯ ಮಾತು ತಲುಪಿದೆ. `Unknown` ಅಂತ ಇದ್ದರೆ ತಲುಪಿಲ್ಲ. ಬೇರೇನನ್ನೂ ಬದಲಿಸದೆ Esc ಒತ್ತಿ ಹೊರಗೆ ಬನ್ನಿ. ಕೆಲವು ಸಲ ಆನ್ ಮಾಡುವಾಗಲೇ ಹೀಗೆ ಬರೆದು ಬರುತ್ತದೆ:

```
The AC power adapter wattage and type cannot be determined.
```

ಅಡಾಪ್ಟರಿನ ಬಗೆಯೂ ವ್ಯಾಟೂ ಗೊತ್ತಾಗುತ್ತಿಲ್ಲ ಎಂದು ಇದರ ಅರ್ಥ. ಅನೇಕರು ಓದದೆ ಕೀಲಿ ಒತ್ತಿ ಮುಂದೆ ಹೋಗುತ್ತಾರೆ. ಕಾಯಿಲೆಯ ಹೆಸರು ಅಲ್ಲೇ ಇತ್ತು.

ಒಂದು ಉದಾಹರಣೆ

ಒಂದು ಸಂಘದ ಲ್ಯಾಪ್‌ಟಾಪ್ 23 ಪರ್ಸೆಂಟಿನಲ್ಲಿ ನಿಂತಿದೆ ಎಂದುಕೊಳ್ಳೋಣ. F2 ಪುಟದಲ್ಲಿ `Unknown` ಎಂದಿದೆ. ಲೆಕ್ಕ ಬರೆಯುವ ಸಹೋದರಿ ಪಿನ್ನಿನ ಒಳಗೆ ನೋಡುತ್ತಾಳೆ. ಸೂಜಿ ಬಾಗಿಲ್ಲ, ಮುರಿದಿಲ್ಲ. ಆಮೇಲೆ ಪಿನ್ನಿನ ಹತ್ತಿರದ ವೈರನ್ನು ಮೆಲ್ಲಗೆ ಆಚೀಚೆ ಬಾಗಿಸುತ್ತಾಳೆ. ಒಂದು ಕೋನದಲ್ಲಿ ಚಾರ್ಜ್ ಶುರುವಾಗಿ, ಕೈ ಬಿಟ್ಟ ಕೂಡಲೇ ನಿಲ್ಲುತ್ತದೆ. ಇದು ದೊಡ್ಡ ಸುಳಿವು. ವೈರು ಹೆಚ್ಚು ಬಾಗುವ ಜಾಗದಲ್ಲಿ ಸೂಜಿಯ ತೆಳು ತಂತಿ ಮೊದಲು ತುಂಡಾಗುತ್ತದೆ. ಆದರೆ ಲ್ಯಾಪ್‌ಟಾಪಿನ ಸಾಕೆಟ್ ಸಡಿಲವಾದರೂ ಹೀಗೇ ಆಗುತ್ತದೆ. ಆದ್ದರಿಂದ ಅವಳು ಇನ್ನೊಂದು ಪರೀಕ್ಷೆ ಮಾಡುತ್ತಾಳೆ.

ಪಕ್ಕದ ಸಂಘದಿಂದ ಅದೇ ಕಂಪನಿಯ, ಅದೇ ಪಿನ್ನಿನ, 65 ವ್ಯಾಟಿನ ಅಡಾಪ್ಟರ್ ತರುತ್ತಾಳೆ. ಅದನ್ನು ಹಾಕಿದಾಗ `65W` ಅಂತ ಬಂದು, ಬ್ಯಾಟರಿ 24, 25 ಅಂತ ಏರತೊಡಗುತ್ತದೆ. ಅಂದರೆ ಬ್ಯಾಟರಿಯೂ ಸರಿ, ಲ್ಯಾಪ್‌ಟಾಪೂ ಸರಿ, ತಪ್ಪು ಹಳೆಯ ಅಡಾಪ್ಟರಿನಲ್ಲಿ. ಬ್ಯಾಟರಿಗೆ ಕೊಡಬೇಕೆಂದಿದ್ದ ಹಣ ಉಳಿಯಿತು.

ಎರಡನೇ ಅಡಾಪ್ಟರಿಗೂ `Unknown` ಅಂತಲೇ ಬಂದರೆ ತಪ್ಪು ಲ್ಯಾಪ್‌ಟಾಪಿನ ಒಳಗಿದೆ. ಮೊದಲು ಚಾರ್ಜಿಂಗ್ ಸಾಕೆಟ್ ನೋಡಿಸಬೇಕು. ಅನೇಕ ಮಾದರಿಗಳಲ್ಲಿ ಅದು ಸಣ್ಣ ವೈರಿನ ಜೊತೆ ಬೇರೆಯೇ ಭಾಗವಾಗಿರುತ್ತದೆ, ಬದಲಿಸಬಹುದು. ಅದೂ ಸರಿಯಿದ್ದರೆ ತಪ್ಪು ಮದರ್‌ಬೋರ್ಡಿನದು. `65W` ಅಂತ ಬಂದೂ ಚಾರ್ಜ್ ಏರದಿದ್ದರೆ ಆಗ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಆದರೆ 80 ಪರ್ಸೆಂಟಿನ ಆಸುಪಾಸಿನಲ್ಲಿ ನಿಂತರೆ ಅದು ಕಾಯಿಲೆಯಲ್ಲದಿರಬಹುದು. ಬ್ಯಾಟರಿ ಬಾಳಿಕೆಗಾಗಿ ಅಷ್ಟಕ್ಕೇ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ.

ರಿಪೇರಿಗೆ ಕೊಡುವಾಗ

ಅಂಗಡಿಯವರು ಮೀಟರ್ ಹಿಡಿದು "19.5 ವೋಲ್ಟ್ ಬರ್ತಿದೆ, ಅಡಾಪ್ಟರ್ ಚೆನ್ನಾಗಿದೆ" ಅನ್ನಬಹುದು. ಅದು ಎರಡು ತಂತಿಗಳ ಲೆಕ್ಕ ಮಾತ್ರ. ಮೂರನೆಯದನ್ನು ಲ್ಯಾಪ್‌ಟಾಪೇ ಓದಿ ಹೇಳಬೇಕು. ಹೊಸ ಪಿನ್ ಬೆಸುಗೆ ಹಾಕಿಸುವುದಾದರೆ ಮೂರು ತಂತಿಗಳನ್ನೂ ಸೇರಿಸಲು ಹೇಳಿ. ಎರಡನ್ನೇ ಸೇರಿಸಿದರೆ ದೀಪ ಉರಿಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಅಡಾಪ್ಟರಿನ ಚಿಪ್ಪೇ ಹೋಗಿದ್ದರೆ ಅಡಾಪ್ಟರನ್ನೇ ಬದಲಿಸುವುದು ಸರಿ.

ಕಡಿಮೆ ಬೆಲೆಯ ಕೆಲವು ನಕಲಿ ಅಡಾಪ್ಟರುಗಳಲ್ಲಿ ಸೂಜಿ ಇರುತ್ತದೆ, ಸರಿಯಾದ ಚಿಪ್ ಇರುವುದಿಲ್ಲ. ಕೊಳ್ಳುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, F2 ಪುಟದಲ್ಲಿ ವ್ಯಾಟ್ ಬಂದ ಮೇಲೆಯೇ ಹಣ ಕೊಡಿ. ಹೆಚ್.ಪಿ. ಕಂಪನಿಯ ಕೆಲವು ಅಡಾಪ್ಟರುಗಳ ಪಿನ್ ಇದೇ ಅಳತೆಯದು, ಡೆಲ್ಲಿಗೂ ಕೂರುತ್ತದೆ. ಆದರೆ ಅದರ ಸೂಜಿಯ ಭಾಷೆ ಬೇರೆ.

ಎಚ್ಚರಿಕೆ: ಪಿನ್ನಿನ ಒಳಗೆ ಹೇರ್‌ಪಿನ್, ಸೂಜಿ, ತಂತಿ ಹಾಕಿ ಕೆರೆಯಬೇಡಿ. ನಡುವಿನ ಸೂಜಿ ಪಕ್ಕದ ಪ್ಲಸ್ ಗೋಡೆಗೆ ತಾಗಿದರೆ ಚಿಪ್ ಸುಟ್ಟುಹೋಗಬಹುದು. ಬಾಗಿದ ಸೂಜಿ ಹಾಗೇ ತಾಗಿಕೊಂಡು ಲ್ಯಾಪ್‌ಟಾಪಿಗೆ ಹೋದರೆ ಮದರ್‌ಬೋರ್ಡಿಗೂ ಪೆಟ್ಟು. ಬಾಗಿದ ಸೂಜಿಯ ಅಡಾಪ್ಟರನ್ನು ಹಾಕಲೇಬೇಡಿ. ಕೆಲಸ ಮುಗಿದ ಮೇಲೆ ವೈರನ್ನು ಬಿಗಿಯಾಗಿ ಸುತ್ತದೆ ಸಡಿಲವಾಗಿ ಸುತ್ತಿಡಿ, ತೆಗೆಯುವಾಗ ವೈರನ್ನು ಎಳೆಯದೆ ಪಿನ್ನಿನ ಬುಡ ಹಿಡಿದು ತೆಗೆಯಿರಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಲ್ಯಾಪ್‌ಟಾಪಿನ ಅಡಾಪ್ಟರಿನಲ್ಲಿ ನಡುವಿನ ಸೂಜಿ ಇದೆಯೇ? ಅದರ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆ?
2. F2 ಪುಟದಲ್ಲಿ ಅದೇ ವ್ಯಾಟ್ ಕಾಣುತ್ತಿದೆಯೇ?
3. ಪರೀಕ್ಷೆಗೆ ಬೇಕಾದಾಗ ಅದೇ ಬಗೆಯ ಅಡಾಪ್ಟರ್ ಹತ್ತಿರದ ಯಾವ ಸಂಘದಲ್ಲಿ ಸಿಗುತ್ತದೆ?