ಅಪ್‌ಡೇಟ್ ಆದಮೇಲೆ ಲೆಕ್ಕ ತೆವಳುತ್ತಿದೆಯೇ?

ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಬಂದ ಮರುದಿನವೇ ನಿಧಾನವಾದರೆ, ಗಾಬರಿಯಲ್ಲಿ ಹಳೆಯದನ್ನು ಮತ್ತೆ ಹಾಕಲು ಹೋಗಬೇಡಿ. ಹೊಸ ಆವೃತ್ತಿ ಡೇಟಾದ ರೂಪ ಬದಲಿಸಿದ್ದರೆ ಹಳೆಯದು ಅದನ್ನು ತೆರೆಯಲಾರದು. ಮೊದಲು ಎಲ್ಲರೂ ಹೊರಬಂದ ಮೇಲೆ ಬ್ಯಾಕಪ್ ತೆಗೆದಿಡಿ. ಆಮೇಲೆ ಈ ಕ್ರಮದಲ್ಲಿ ನೋಡಿ.

1. ಡೇಟಾ ಇರುವ ಕಂಪ್ಯೂಟರಿನಲ್ಲೇ ಒಂದು ಲೆಡ್ಜರ್ ತೆರೆದು ಗಡಿಯಾರ ನೋಡಿ. ಅದೇ ಲೆಡ್ಜರನ್ನು ಇನ್ನೊಂದು ಮೇಜಿನಿಂದಲೂ ತೆರೆಯಿರಿ. ಡೇಟಾ ಇರುವಲ್ಲಿ 4 ಸೆಕೆಂಡು, ಇನ್ನೊಂದು ಮೇಜಿನಲ್ಲಿ 40 ಎಂದಾದರೆ ತೊಂದರೆ ಡೇಟಾದಲ್ಲಲ್ಲ, ನಡುವಿನ ದಾರಿಯಲ್ಲಿ ಅಥವಾ ಆ ಮೇಜಿನ ಕಂಪ್ಯೂಟರಿನಲ್ಲಿದೆ.

2. ಹಾಗಿದ್ದರೆ ವೈಫೈ ಬಿಟ್ಟು ಕೇಬಲ್ ಹಾಕಿ ಮತ್ತೆ ಅಳೆಯಿರಿ. ಎಲ್ಲ ಮೇಜುಗಳಲ್ಲೂ ಒಂದೇ ಆವೃತ್ತಿ ಇದೆಯೇ ಎಂದೂ ನೋಡಿ.

3. ಕೇಬಲ್‌ನಲ್ಲೂ ನಿಧಾನವೇ, ಅಥವಾ ಎರಡೂ ಕಡೆ ನಿಧಾನವೇ? ಆಂಟಿವೈರಸ್ ಮೇಲೆ ಅನುಮಾನಪಡಿ. ಹೊಸ ಪ್ರೋಗ್ರಾಂ ಅದಕ್ಕೆ ಅಪರಿಚಿತ. ತೆರೆಯುವ ಪ್ರತಿ ಫೈಲನ್ನೂ ತಡೆದು ತಪಾಸಣೆ ಮಾಡುತ್ತಿರಬಹುದು. ಆಂಟಿವೈರಸ್ಸನ್ನೇ ಆಫ್ ಮಾಡಬೇಡಿ. ಯಜಮಾನರನ್ನು ಕೇಳಿ, ಲೆಕ್ಕದ ಡೇಟಾ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸೆಕೆಂಡುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಇಷ್ಟಾದರೂ ಸರಿಹೋಗದಿದ್ದರೆ ಸರ್ವಿಸ್‌ನವರಿಗೆ ಆ ಚೀಟಿಯನ್ನೇ ಓದಿ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.