ಏಳು ಜನರ ಕಾರು: ಆಯ್ಕೆ ಹಿಂದಿನ ಸಾಲಿನಿಂದ ಶುರುವಾಗಲಿ

ಏಳು ಸೀಟಿನ ಕಾರು ಕೊಳ್ಳಲು ಹೋದವರು ಸಾಮಾನ್ಯವಾಗಿ ಮುಂದಿನ ಬಾಗಿಲು ತೆರೆದು ಸ್ಟೀರಿಂಗ್ ಹಿಂದೆ ಕೂರುತ್ತಾರೆ. ಪರದೆ ಎಷ್ಟು ದೊಡ್ಡದು, ಸನ್‌ರೂಫ್ ಇದೆಯೇ, ಬಾನೆಟ್ ಎಷ್ಟು ಎತ್ತರ ಕಾಣುತ್ತದೆ ಎಂದು ನೋಡುತ್ತಾರೆ. ಮೂರನೇ ಸಾಲಿನ ಸೀಟನ್ನು ಎತ್ತಿ ತೋರಿಸಿದರೆ ಅಷ್ಟೇ ಸಾಕೆಂದು ಮುಂದಕ್ಕೆ ಹೋಗುತ್ತಾರೆ. ಆದರೆ ಐದು ಸೀಟಿನ ಕಾರಿಗಿಂತ ಹೆಚ್ಚು ಹಣ ಕೊಡುವುದು ಆ ಕೊನೆಯ ಸಾಲಿಗಾಗಿಯೇ. ಆದ್ದರಿಂದ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಹಾಗೆ ನೋಡಿದರೆ, ಏಳೂ ಜನ ಆಗಾಗ ಒಟ್ಟಿಗೆ ಓಡಾಡುವ ಮನೆಗೆ ಎರ್ಟಿಗಾ, ಕಾರೆನ್ಸ್, ಇನೋವಾ ಮಾದರಿಯ ಎಂಪಿವಿಗಳೇ ಸರಿ. ಸಫಾರಿ, ಎಕ್ಸ್‌ಯುವಿ700, ಸ್ಕಾರ್ಪಿಯೋ-ಎನ್‌ನಂಥ ದೊಡ್ಡ ಎಸ್‌ಯುವಿಗಳು ಹೆಚ್ಚಿನ ದಿನ ನಾಲ್ಕೈದು ಜನರೇ ಕೂರುವ ಮನೆಗೆ ಹೊಂದುತ್ತವೆ. ಈ ತೀರ್ಮಾನಕ್ಕೆ ಬರುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಯಾರು ಎಲ್ಲಿ ಕೂರುತ್ತಾರೆ?

ಒಂದು ಹಾಳೆಯಲ್ಲಿ ಮನೆಯ ಏಳು ಜನರ ಹೆಸರು ಬರೆದು, ಯಾರಿಗೆ ಯಾವ ಸೀಟು ಎಂದು ಮೊದಲೇ ಗೊತ್ತುಮಾಡಿ. ಬೆಂಗಳೂರಿನಲ್ಲಿರುವ ಒಂದು ಕುಟುಂಬವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಅಜ್ಜ, ಅಜ್ಜಿ, ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ, ಜೊತೆಗೆ ಗಂಡನ ತಮ್ಮ. ಅಜ್ಜ ಅಜ್ಜಿಗೆ ಹತ್ತಿ ಇಳಿಯಲು ಸುಲಭವಾದ ನಡುವಿನ ಸಾಲೇ ಬೇಕು. ಹಾಗಾದರೆ ಹಿಂದೆ ಹೋಗುವವರು ಮಗ, ಮಗಳು, ಇಲ್ಲವೇ ಚಿಕ್ಕಪ್ಪ. ಅಂದರೆ ಈ ಮನೆಯಲ್ಲಿ ಕೊನೆಯ ಸಾಲು ಪುಟ್ಟ ಮಕ್ಕಳ ಜಾಗವಲ್ಲ, ಪೂರ್ತಿ ಬೆಳೆದವರ ಜಾಗ. ಇಲ್ಲೇ ಸೀಟುಗಳ ಜೋಡಣೆಯನ್ನೂ ಗಮನಿಸಬೇಕು. ಎರ್ಟಿಗಾದಲ್ಲಿ ಕ್ರಮವಾಗಿ ಎರಡು, ಮೂರು, ಎರಡು ಜನ ಕೂರುತ್ತಾರೆ. ಇನೋವಾ ಹೈಕ್ರಾಸ್‌ನ ಏಳು ಸೀಟಿನ ಮಾದರಿಯಲ್ಲಿ ನಡುವೆ ಎರಡು ಬಿಡಿ ಕುರ್ಚಿಗಳಿದ್ದು, ಮೂವರು ಹಿಂದಕ್ಕೆ ಹೋಗಬೇಕು. ಮೂವರು ದೊಡ್ಡವರಿಗೆ ಅದು ಇಕ್ಕಟ್ಟು. ಅಂಥವರು ಅದರ ಎಂಟು ಸೀಟಿನ ಮಾದರಿ ಕೊಂಡು ಏಳೇ ಜನ ಕೂತರೆ ನೆಮ್ಮದಿ. ಕೆಲವು ಎಸ್‌ಯುವಿಗಳಲ್ಲಿ ಬಿಡಿ ಕುರ್ಚಿ ಬೇಕೆಂದರೆ ಒಟ್ಟು ಸೀಟು ಆರಕ್ಕೆ ಇಳಿಯುತ್ತದೆ. ಬುಕ್ ಮಾಡುವ ಮುನ್ನ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಎರಡನೇ ಹೆಜ್ಜೆ: ಮೂರನೇ ಸಾಲಿನಲ್ಲಿ ಅರ್ಧ ಗಂಟೆ

ಎಸ್‌ಯುವಿ ಹೊರಗಿನಿಂದ ದೊಡ್ಡದಾಗಿ ಕಂಡರೂ ಹಿಂದಿನ ಸಾಲು ಬಿಗಿಯಾಗಿರುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಸ್ಕಾರ್ಪಿಯೋ-ಎನ್, ಫಾರ್ಚುನರ್‌ನಂಥ ಗಾಡಿಗಳಲ್ಲಿ ಗಟ್ಟಿಯಾದ ಛಾಸಿಯ ಮೇಲೆ ಬಾಡಿ ಕೂರುತ್ತದೆ, ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವುದಕ್ಕೂ ಜಾಗ ಬಿಡಬೇಕಾಗುತ್ತದೆ. ಹೀಗಾಗಿ ಕೊನೆಯ ಸಾಲಿನಲ್ಲಿ ಕಾಲಿಡುವ ನೆಲ ಮೇಲಕ್ಕೆ ಬರುತ್ತದೆ. ತಲೆ ಸೂರಿಗೆ ತಾಗಬಾರದೆಂದು ಸೀಟನ್ನು ತಗ್ಗಿಸಿರುತ್ತಾರೆ. ನೆಲಕ್ಕೂ ಸೀಟಿಗೂ ಅಂತರ ಕಡಿಮೆಯಾದಾಗ ಮಂಡಿ ಎದೆಯ ಕಡೆಗೆ ಏರಿ, ತೊಡೆಗೆ ಆಸರೆ ತಪ್ಪಿ, ಮೈಯ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಎಕ್ಸ್‌ಯುವಿ700, ಸಫಾರಿಗಳಿಗೆ ಪ್ರತ್ಯೇಕ ಛಾಸಿ ಇಲ್ಲ. ಆದರೂ ಹಿಂದಕ್ಕೆ ಇಳಿಯುವ ಸೂರು ಮತ್ತು ದೊಡ್ಡ ಚಕ್ರಗಳಿಗೆ ಬಿಟ್ಟ ಜಾಗ ಅಲ್ಲಿಯೂ ಒಳಗಿನ ಅವಕಾಶವನ್ನು ಕಬಳಿಸುತ್ತವೆ. ಹೈಕ್ರಾಸ್ ಮುಂದಿನ ಚಕ್ರಗಳಿಂದ ಓಡುವ ಗಾಡಿ. ಹಿಂದಕ್ಕೆ ಶಾಫ್ಟ್ ಹೋಗಬೇಕಿಲ್ಲದ್ದರಿಂದ ನೆಲ ಸಮತಟ್ಟಾಗಿದೆ. ಅದರ ಎರಡು ಆಕ್ಸಲ್‌ಗಳ ನಡುವಿನ ಅಂತರ 2850 ಮಿಲಿಮೀಟರ್, ಸಫಾರಿಯದು 2741. ಈ ಸುಮಾರು ಹನ್ನೊಂದು ಸೆಂಟಿಮೀಟರ್ ಮಂಡಿಯ ಮುಂದೆ ಹೆಚ್ಚು ಜಾಗ ಬಿಡಲು ನೆರವಾಗುತ್ತದೆ.

ಆದ್ದರಿಂದ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯ ಎತ್ತರದ ವ್ಯಕ್ತಿ ಮೊದಲು ಮುಂದಿನ ಸೀಟನ್ನು ತನಗೆ ಬೇಕಾದಷ್ಟು ಹೊಂದಿಸಿಕೊಳ್ಳಲಿ. ಆಮೇಲೆ ಅದರ ಹಿಂದೆ ನಡುವಿನ ಸೀಟು, ಕಡೆಗೆ ಮೂರನೇ ಸಾಲು. ಹಿಂದೆ ಕೂತವರ ಅಂಗಾಲು ಪೂರ್ತಿ ನೆಲಕ್ಕೆ ಊರಿದಾಗ ತೊಡೆ ಸೀಟಿಗೆ ತಾಗಿರಬೇಕು, ತಲೆಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಬೇಕು. ಹಾಗೆಯೇ ಕೂತು ಹಂಪ್‌ಗಳಿರುವ ರಸ್ತೆಯಲ್ಲಿ ಅರ್ಧ ಗಂಟೆ ಹೋಗಿ ಬನ್ನಿ. ಹಿಂದಿನ ಚಕ್ರಗಳ ಮೇಲೆಯೇ ಕೂರುವುದರಿಂದ ಕುಲುಕಾಟ ಅಲ್ಲಿಯೇ ಹೆಚ್ಚು. ಘಾಟಿಯ ತಿರುವಿನಲ್ಲಿ ವಾಂತಿ ಬರುವುದೂ ಅಲ್ಲಿ ಕೂತವರಿಗೇ ಹೆಚ್ಚು. ಎ.ಸಿ. ಗಾಳಿ ಅಲ್ಲಿಗೆ ಸಾಕಷ್ಟು ಬರುತ್ತದೆಯೇ, ಪಕ್ಕದ ಗಾಜಿನಿಂದ ಹೊರಗೆ ಕಾಣುತ್ತದೆಯೇ ಎಂಬುದನ್ನೂ ಆಗಲೇ ನೋಡಿ. ಕೊನೆಗೆ ಏಳೂ ಸೀಟು ಎತ್ತಿಟ್ಟುಕೊಂಡು ಡಿಕ್ಕಿ ತೆರೆಯಿರಿ. ಆಗ ಹೈಕ್ರಾಸ್‌ನಲ್ಲಿ 300 ಲೀಟರ್, ಎರ್ಟಿಗಾದಲ್ಲಿ 209 ಲೀಟರ್ ಜಾಗ ಉಳಿಯುತ್ತದೆ. ಸಫಾರಿಯಲ್ಲಿ ಉಳಿಯುವುದು 73 ಲೀಟರ್. ಅದರಲ್ಲಿ ಏಳು ಜನರ ಎರಡು ದಿನದ ಬಟ್ಟೆ ಹಿಡಿಯುವುದಿಲ್ಲ.

ಮೂರನೇ ಹೆಜ್ಜೆ: ಖರ್ಚನ್ನು ವರ್ಷದ ಲೆಕ್ಕದಲ್ಲಿ ನೋಡಿ

ಎಂಪಿವಿ ಮೈಲೇಜ್ ಕೊಡುತ್ತದೆ, ಎಸ್‌ಯುವಿ ಇಂಧನ ಕುಡಿಯುತ್ತದೆ ಎಂಬ ಮಾತು ಅರ್ಧ ಸತ್ಯ. ನಮ್ಮ ಉದಾಹರಣೆಯ ಕುಟುಂಬ ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುತ್ತದೆ, ಅದರಲ್ಲಿ ಹೆಚ್ಚಿನದು ನಗರದೊಳಗೆ ಎಂದುಕೊಳ್ಳೋಣ. ಕಂಪನಿಗಳು ಹೇಳುವ ಮೈಲೇಜ್ ಪರೀಕ್ಷೆಯ ಅಂಕಿ, ರಸ್ತೆಯಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಎರ್ಟಿಗಾ ಪೆಟ್ರೋಲ್‌ಗೆ 14, ಹೈಕ್ರಾಸ್ ಹೈಬ್ರಿಡ್‌ಗೆ 16, ದೊಡ್ಡ ಡೀಸೆಲ್ ಆಟೋಮ್ಯಾಟಿಕ್ ಎಸ್‌ಯುವಿಗೆ 11.5 ಕಿಲೋಮೀಟರ್ ಎಂದು ಹಿಡಿಯೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ಎಂದಿಟ್ಟುಕೊಂಡರೆ ವರ್ಷದ ಇಂಧನ ಖರ್ಚು ಕ್ರಮವಾಗಿ ಸುಮಾರು 88,000, 77,000 ಮತ್ತು 95,000 ರೂಪಾಯಿ ಆಗುತ್ತದೆ. ನಿಮ್ಮ ಓಡಾಟ ಮತ್ತು ನಿಮ್ಮೂರಿನ ದರವನ್ನು ಹಾಕಿ ಇದನ್ನು ಮತ್ತೆ ಲೆಕ್ಕ ಹಾಕಿ. ಡೀಸೆಲ್ ಅಗ್ಗವಾಗಿರುವುದರಿಂದ ಎರ್ಟಿಗಾಕ್ಕೂ ಎಸ್‌ಯುವಿಗೂ ವರ್ಷಕ್ಕೆ ಏಳು ಸಾವಿರ ರೂಪಾಯಿ ವ್ಯತ್ಯಾಸವಷ್ಟೇ. ಹೈಬ್ರಿಡ್‌ನಿಂದ ವರ್ಷಕ್ಕೆ 18,000 ಉಳಿದರೂ, ಎಸ್‌ಯುವಿಗಿಂತ ನಾಲ್ಕೈದು ಲಕ್ಷ ಹೆಚ್ಚು ಕೊಟ್ಟು ಅದನ್ನು ಕೊಂಡಿದ್ದರೆ ಆ ಹಣ ಮರಳಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕು. ಮೈಲೇಜ್‌ಗಾಗಿ ಹೈಬ್ರಿಡ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹಿಂದಿನ ಸಾಲಿನ ಅನುಕೂಲಕ್ಕಾಗಿ ಕೊಳ್ಳುವುದಾದರೆ ಅರ್ಥವಿದೆ.

ನಿಜವಾದ ವ್ಯತ್ಯಾಸ ಇರುವುದು ಬಂಕಿನ ಹೊರಗೆ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 17, ಅದಕ್ಕೂ ಮೇಲೆ ಶೇ 18. ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಬೇರೆ. 12 ಲಕ್ಷದ ಎಂಪಿವಿಗೆ ಇದು ಸುಮಾರು 2.26 ಲಕ್ಷ, 23 ಲಕ್ಷದ ಎಸ್‌ಯುವಿಗೆ ಸುಮಾರು 4.6 ಲಕ್ಷ. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆ 1000ದಿಂದ 1500 ಸಿ.ಸಿ. ಎಂಜಿನ್‌ಗೆ ವರ್ಷಕ್ಕೆ 3,416 ರೂಪಾಯಿ, 1500 ದಾಟಿದರೆ 7,897. ಎರ್ಟಿಗಾ ಮೊದಲ ಗುಂಪಿಗೆ ಸೇರುತ್ತದೆ. ಹೈಕ್ರಾಸ್ ಮತ್ತು ದೊಡ್ಡ ಎಸ್‌ಯುವಿಗಳು ಎರಡನೆಯದಕ್ಕೆ. ಹದಿನೆಂಟು ಇಂಚಿನ ಟೈರಿನ ಬೆಲೆ ಹದಿನೈದು ಇಂಚಿನದರ ಹೆಚ್ಚುಕಡಿಮೆ ಇಮ್ಮಡಿ ಇರುತ್ತದೆ. ಡೀಸೆಲ್ ಗಾಡಿಯಲ್ಲಿ ಇನ್ನೊಂದು ವಿಷಯವಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತಾನಾಗಿ ಶುಚಿಯಾಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ದಿನವೂ ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುವುದಷ್ಟೇ ಆದರೆ ಮಸಿ ಕಟ್ಟಿಕೊಂಡು ಡ್ಯಾಷ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಅದನ್ನು ಕಡೆಗಣಿಸಿದರೆ ರಿಪೇರಿ ದುಬಾರಿ. ನಗರದೊಳಗಿನ ಸಣ್ಣ ಓಡಾಟವೇ ಹೆಚ್ಚಿರುವ ಮನೆಗೆ ಡೀಸೆಲ್ ಬೇಡ.

ನಾಲ್ಕನೇ ಹೆಜ್ಜೆ: ಎಸ್‌ಯುವಿ ಪರವಾದ ಮಾತುಗಳನ್ನು ತೂಗಿ ನೋಡಿ

ಎಸ್‌ಯುವಿ ಬೇಕೆನ್ನುವವರ ಮೊದಲ ವಾದ ಕೆಟ್ಟ ರಸ್ತೆ. ಮಲೆನಾಡಿನ ಎಸ್ಟೇಟ್ ದಾರಿ, ಮಳೆಗಾಲದ ಕೆಸರು, ತೋಟದ ಮನೆಯ ಏರು ನಿತ್ಯದ ಮಾತಾಗಿದ್ದರೆ ಆ ವಾದ ಸರಿ. ಅಂಥವರು ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನೇ ಕೊಳ್ಳಬೇಕು. ಬರೀ ಎರಡು ಚಕ್ರ ಎಳೆಯುವ ಎಸ್‌ಯುವಿ ಕೆಸರಿನಲ್ಲಿ ಎಂಪಿವಿಗಿಂತ ಬಹಳ ಮುಂದೇನೂ ಹೋಗುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವ ದಾರಿ ಡಾಂಬರಿನದೇ ಆಗಿದ್ದರೆ ಎತ್ತರದ ಗಾಡಿಗೆ ಹಣ ತೆರಬೇಕಿಲ್ಲ.

ಎರಡನೇ ವಾದ ಘಾಟಿ ಏರುವ ಬಲ. ಇದು ಎರ್ಟಿಗಾದ ಮಟ್ಟಿಗೆ ನಿಜ. ಸುಮಾರು 103 ಅಶ್ವಶಕ್ತಿಯ ಅದರ ಎಂಜಿನ್ ಏಳು ಜನ, ಲಗೇಜು ತುಂಬಿಕೊಂಡು ಚಾರ್ಮಾಡಿ ಏರುವಾಗ ಕೆಳಗಿನ ಗೇರಿನಲ್ಲೇ ಏದುಸಿರು ಬಿಡುತ್ತದೆ, ಓವರ್‌ಟೇಕ್‌ಗೆ ಉದ್ದನೆಯ ಖಾಲಿ ರಸ್ತೆಯೇ ಬೇಕು. ತಿಂಗಳು ತಿಂಗಳು ಪೂರ್ತಿ ಭಾರದೊಂದಿಗೆ ಘಾಟಿ ಹತ್ತುವವರು ಇದಕ್ಕಿಂತ ಬಲವಾದ ಎಂಜಿನ್ ನೋಡಬೇಕು. ಆದರೆ ಅದು ಎಂಪಿವಿಗಳಲ್ಲೂ ಇದೆ: ಹೈಕ್ರಾಸ್ ಹೈಬ್ರಿಡ್‌ಗೆ 186 ಅಶ್ವಶಕ್ತಿ, ಇನೋವಾ ಕ್ರಿಸ್ಟಾಗೆ 2.4 ಲೀಟರಿನ ಡೀಸೆಲ್ ಎಂಜಿನ್.

ಮೂರನೆಯದೇ ಅತ್ಯಂತ ತೂಕದ ವಾದ, ಸುರಕ್ಷತೆ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಎಕ್ಸ್‌ಯುವಿ700 ಮತ್ತು ಸಫಾರಿ ದೊಡ್ಡವರ ರಕ್ಷಣೆಯಲ್ಲಿ ಐದು ನಕ್ಷತ್ರ ಪಡೆದಿವೆ. 2024ರಲ್ಲಿ ಅದೇ ಸಂಸ್ಥೆ ಪರೀಕ್ಷಿಸಿದ ಎರ್ಟಿಗಾಕ್ಕೆ ಸಿಕ್ಕಿದ್ದು ಒಂದೇ ನಕ್ಷತ್ರ. ಆಮೇಲೆ ಎರ್ಟಿಗಾಕ್ಕೆ ಆರು ಏರ್‌ಬ್ಯಾಗ್‌ಗಳು ಬಂದಿವೆ, ಆದರೂ ಹೆದ್ದಾರಿ ಪ್ರಯಾಣವೇ ಹೆಚ್ಚಿರುವ ಕುಟುಂಬ ಈ ಅಂತರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದು ಎಂಪಿವಿ ಎಂಬ ಜಾತಿಯ ದೋಷವಲ್ಲ. ಹೈಕ್ರಾಸ್ 2025ರಲ್ಲಿ ಭಾರತ್ ಎನ್‌ಕ್ಯಾಪ್‌ನಿಂದ ಐದು ನಕ್ಷತ್ರ ಪಡೆದಿದೆ. ಯಾವ ಗಾಡಿಯಾದರೂ ಪಕ್ಕದ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಚಾಚುತ್ತದೆಯೇ, ಅಲ್ಲಿನ ಪ್ರತಿ ಸೀಟಿಗೂ ಹೆಗಲಿನ ಮೇಲಿಂದ ಬರುವ ಬೆಲ್ಟ್ ಮತ್ತು ತಲೆಯ ಆಸರೆ ಇದೆಯೇ ಎಂದು ನೀವೇ ಮುಟ್ಟಿ ನೋಡಿ.

ಐದನೇ ಹೆಜ್ಜೆ: ಭಾರ ಮತ್ತು ಟೈರಿನ ಗಾಳಿ

ಸರಾಸರಿ 65 ಕಿಲೋ ತೂಕದ ಏಳು ಜನ ಎಂದರೆ 455 ಕಿಲೋ. ಲಗೇಜು ಸೇರಿದರೆ ಐದು ಕ್ವಿಂಟಲ್ ದಾಟುತ್ತದೆ. ತಯಾರಕರು ಕೊಡುವ ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ನೀವು ಹೇರಬಹುದಾದ ಭಾರ ಸಿಗುತ್ತದೆ. ಸೂರಿನ ಮೇಲೆ ಕ್ಯಾರಿಯರ್ ಕಟ್ಟುವ ಮುನ್ನ ಈ ಲೆಕ್ಕ ಮಾಡಿ. ಡ್ರೈವರ್ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇಕಾದ ಗಾಳಿಯ ಒತ್ತಡವನ್ನು ಬೇರೆಯಾಗಿ ಬರೆದಿದ್ದರೆ, ಹೊರಡುವ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಷ್ಟು ತುಂಬಿಸಿ. ಕಡಿಮೆ ಗಾಳಿಯಲ್ಲಿ ಪೂರ್ತಿ ಭಾರ ಹೊತ್ತ ಟೈರು ಹೆದ್ದಾರಿಯಲ್ಲಿ ಕಾದು ಸಿಡಿಯುವ ಅಪಾಯವಿದೆ.

ಇಷ್ಟೆಲ್ಲ ತೂಗಿದ ಮೇಲೆ ನಮ್ಮ ಉದಾಹರಣೆಯ ಕುಟುಂಬಕ್ಕೆ ಉತ್ತರ ಸ್ಪಷ್ಟ. ಹಣದ ಅನುಕೂಲವಿದ್ದರೆ ಎಂಟು ಸೀಟಿನ ಹೈಕ್ರಾಸ್. ಬಜೆಟ್ ಹದಿನೈದು ಲಕ್ಷದೊಳಗಾದರೆ, ನಗರದ ಓಡಾಟವೇ ಹೆಚ್ಚೆಂಬ ಷರತ್ತಿನ ಮೇಲೆ ಎರ್ಟಿಗಾ ಇಲ್ಲವೇ ಕಾರೆನ್ಸ್. ಹಿಂದಿನ ಸಾಲು ಹಬ್ಬ ಹರಿದಿನಕ್ಕೆ ಮಾತ್ರ, ಅದೂ ಪುಟ್ಟ ಮಕ್ಕಳಿಗೆ ಬೇಕಾಗುವ ಮನೆಯಾದರೆ ಐದು ನಕ್ಷತ್ರದ ಡೀಸೆಲ್ ಎಸ್‌ಯುವಿ ಒಳ್ಳೆಯ ಆಯ್ಕೆಯೇ. ಯಾವುದನ್ನೇ ಕೊಂಡರೂ, ಮುಂಗಡ ಕೊಡುವ ಮುನ್ನ ಮನೆಯ ಏಳೂ ಜನರನ್ನು ಷೋರೂಮಿಗೆ ಕರೆದೊಯ್ದು ಅವರವರ ಸೀಟಿನಲ್ಲಿ ಕೂರಿಸಿ ನೋಡಿ.